ನರ್ತಕಿ ಕೈ ಚಾಚಿದ್ದು ಬೇಲೂರಿನಲ್ಲಿ, ಎಡವಟ್ಟಾದದ್ದು ಹಳೇಬೀಡಿನಲ್ಲಿ

ಅರಸೀಕೆರೆ, ಹಳೇಬೀಡು, ಬೇಲೂರಿನಲ್ಲಿ ನಮ್ಮ ಆಟವನ್ನು ಆಡಿ ಪರೀಕ್ಷಿಸುತ್ತಿರುವ ಎಲ್ಲರಿಗೂ,

"ಸಾರ್, ಬೇಲೂರಿಗೆ ಬಂದ ತಕ್ಷಣ ಡ್ಯಾನ್ಸರ್ ಬೆದರುಬೊಂಬೆ ಆಗ್ಬಿಡ್ತಾಳೆ" ಎಂದು ನಿಮ್ಮಲ್ಲೊಬ್ಬರು ಗುಂಪಿಗೆ ಬರೆದಿದ್ದರು. ಜೊತೆಗೊಂದು ಫೋಟೊ. ಚೆನ್ನಕೇಶವ ದೇವಾಲಯದ ಜಗತಿ, ಮೇಲೆ ಸೂರಿನಡಿ ಸೊಂಟ, ಕತ್ತು, ಮಂಡಿ ಮೂರೂ ಬಾಗಿಸಿಕೊಂಡ ಮದನಿಕೆಯರು, ಕೆಳಗೆ ನಮ್ಮ ನರ್ತಕಿ ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ನೇರವಾಗಿ ಚಾಚಿ ಸೆಟೆದು ನಿಂತಿದ್ದಾಳೆ. ರಾಗಿ ಹೊಲದಲ್ಲಿ ನಿಲ್ಲಿಸಿದ್ದರೆ ಹಕ್ಕಿಗಳು ಹತ್ತಿರ ಬರುತ್ತಿರಲಿಲ್ಲ. ಹೋಲಿಕೆ ಸರಿಯಾಗಿಯೇ ಇತ್ತು.

ಫೋಟೊದ ಕೆಳಗೆ ಶುರುವಾದ ಜಗಳ ನಿಮಗೆ ನೆನಪಿರಬಹುದು. "ನನ್ನ ಫೋನಲ್ಲಿ ಚೆನ್ನಾಗೇ ಇದೆಯಲ್ಲ" ಎಂದರು ಅರಸೀಕೆರೆಯ ಕಾಲೇಜಿನವರು. "ನಂಗೆ ಯಾವಾಗ ನೋಡಿದ್ರೂ ಹಂಗೇ" ಎಂದರು ಬೇಲೂರಿನ ಗೈಡ್ ಅಣ್ಣ. ಹಳೆಯ ಫೋನು ಇರಬೇಕು ಎಂದು ಒಬ್ಬರು, ಜಾವಗಲ್ ದಾಟುವಾಗ ನೆಟ್‌ವರ್ಕ್ ಹೋಗಿರಬೇಕು ಎಂದು ಇನ್ನೊಬ್ಬರು, ಬೇಲೂರಿನ ಸೀನನ್ನೇ ಹೊಸದಾಗಿ ಮಾಡಿ ಎಂದು ಮತ್ತೊಬ್ಬರು. ಈ ಊಹೆಗಳಲ್ಲಿ ಒಂದೂ ನಿಜವಾಗಿರಲಿಲ್ಲ. ಆದರೆ ದೋಷ ಕಂಡಿತು ಎಂದವರೂ ಕಾಣಲಿಲ್ಲ ಎಂದವರೂ ಹೇಳಿದ್ದು ಮಾತ್ರ ನಿಜ. ಅದು ಹೇಗೆ ಎಂಬುದನ್ನು ಎಲ್ಲರಿಗೂ ಒಟ್ಟಿಗೆ ತಿಳಿಸಲು ಈ ಪತ್ರ. ಮುಂದಿನ ಬಿಲ್ಡ್ ನಿಮ್ಮ ಕೈಗೆ ಬರುವ ಮೊದಲು ಇದನ್ನು ಓದಿಕೊಂಡರೆ ನಿಮ್ಮ ಒಂದು ವರದಿ ಹತ್ತು ಫೋಟೊಗಳ ಕೆಲಸ ಮಾಡುತ್ತದೆ.

ಹೊಸದಾಗಿ ಗುಂಪಿಗೆ ಸೇರಿದವರಿಗಾಗಿ ಆಟದ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಫೋನಿನಲ್ಲಿ ಆಡುವ ಆಟ. ಯೂನಿಟಿ ಎಂಬ ತಂತ್ರಾಂಶದಲ್ಲಿ ಕಟ್ಟಿದ್ದು. ಮೂರು ಸೀನುಗಳಿವೆ: 1220ರ ಅರಸೀಕೆರೆಯ ಈಶ್ವರ ದೇವಾಲಯ, 1121ರಲ್ಲಿ ಶುರುವಾದ ಹಳೇಬೀಡಿನ ಹೊಯ್ಸಳೇಶ್ವರ, 1117ರ ಬೇಲೂರಿನ ಚೆನ್ನಕೇಶವ. ನರ್ತಕಿಯನ್ನು ನಡೆಸಿಕೊಂಡು ಪ್ರಾಕಾರ ಸುತ್ತಬಹುದು. ಹಳೇಬೀಡಿನ ನವರಂಗದ ದುಂಡು ವೇದಿಕೆ ಹತ್ತಿ 'ನಾಟ್ಯ' ಗುಂಡಿ ಒತ್ತಿದರೆ ಅವಳಿಗೊಂದು ನಾಟ್ಯದ ಕಟ್ಟು ಸಿಗುತ್ತದೆ. ಆಮೇಲೆ ಎಲ್ಲಿಗೆ ಹೋದರೂ ಅವಳ ನಿಲುವು, ನಡಿಗೆ, ಕುಣಿತ ಎಲ್ಲ ಆ ಕಟ್ಟಿನದೇ ಆಗಿರಬೇಕು. ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ನಕ್ಷೆ ಇದೆ. ನಡುವೆ ಲೋಡಿಂಗ್ ಪರದೆ ಬರುತ್ತದೆ.

ಮೊದಲು ಆ ಭಂಗಿಯ ವಿಷಯ. ಅದನ್ನು ಟಿ-ಪೋಸ್ ಎನ್ನುತ್ತಾರೆ. ಅದೇನು ಯಾರೋ ತಪ್ಪಾಗಿ ಕೊಟ್ಟ ಭಂಗಿಯಲ್ಲ, ಪಾತ್ರ ಹುಟ್ಟಿದ್ದೇ ಹಾಗೆ. ಮೂರು ಆಯಾಮದ ಪಾತ್ರವೊಂದನ್ನು ಮಾಡುವವರು ಮೊದಲು ಮೈಯನ್ನು ರೂಪಿಸಿ, ಒಳಗೆ ಮೂಳೆಗಳ ಜಾಲವೊಂದನ್ನು ಇಟ್ಟು, ಚರ್ಮದ ಯಾವ ಭಾಗ ಯಾವ ಮೂಳೆಯೊಡನೆ ಎಷ್ಟು ಪಾಲು ಚಲಿಸಬೇಕು ಎಂದು ಗೊತ್ತುಮಾಡುತ್ತಾರೆ. ಕೈ ಮೈಗೆ ಅಂಟಿಕೊಂಡಿದ್ದರೆ ಕಂಕುಳಿನ ಭಾಗ ತೋಳಿನದೋ ಪಕ್ಕೆಯದೋ ಎಂದು ಬೇರ್ಪಡಿಸುವುದು ಕಷ್ಟ. ಅದಕ್ಕೇ ಕೈಗಳನ್ನು ಅಗಲಿಸಿ ಇಡುವುದು. ಕೆಲವರು ಕೈಗಳನ್ನು ಅರ್ಧ ಇಳಿಸಿ ಮಾಡುತ್ತಾರೆ, ಅಂಥ ಪಾತ್ರ ಇದೇ ದೋಷಕ್ಕೆ ಸಿಕ್ಕರೆ ಇಳಿಗೈಯಲ್ಲಿ ನಿಲ್ಲುತ್ತದೆ. ಆಟ ನಡೆಯುವಾಗ ಆನಿಮೇಟರ್ ಎಂಬ ಭಾಗವು ಪ್ರತಿ ಫ್ರೇಮಿಗೂ ಪ್ರತಿ ಮೂಳೆಗೂ 'ನೀನು ಇಷ್ಟು ತಿರುಗು' ಎಂದು ಹೇಳುತ್ತಿರುತ್ತದೆ. ಹುಟ್ಟಿದಾಗಿನಿಂದ ಆ ಅಪ್ಪಣೆ ಒಮ್ಮೆಯೂ ಬಾರದಿದ್ದರೆ ಮೂಳೆಗಳು ಹುಟ್ಟಿದ ಜಾಗದಲ್ಲೇ ಉಳಿಯುತ್ತವೆ. ಆದ್ದರಿಂದ ಟಿ-ಪೋಸ್ ಕಂಡಾಗ ಕೇಳಬೇಕಾದ ಪ್ರಶ್ನೆ 'ಇವಳು ಯಾಕೆ ಹೀಗೆ ನಿಂತಳು' ಎಂಬುದಲ್ಲ, 'ಅಪ್ಪಣೆ ಎಲ್ಲಿ ತಪ್ಪಿತು' ಎಂಬುದು.

ಇದು ಬಡ ಆಟಗಳ ರೋಗ ಎಂದುಕೊಳ್ಳಬೇಡಿ. 2020ರ ಡಿಸೆಂಬರ್‌ನಲ್ಲಿ ಬಂದ ಸೈಬರ್‌ಪಂಕ್ 2077 ಎಂಬ ಭಾರೀ ವೆಚ್ಚದ ಆಟದಲ್ಲೂ ಜನ ಹೀಗೆ ಕೈ ಚಾಚಿ ನಿಂತದ್ದನ್ನು ಲೋಕವೆಲ್ಲ ನೋಡಿ ನಕ್ಕಿತ್ತು.

ಅಪ್ಪಣೆ ತಪ್ಪಲು ದಾರಿಗಳು ಹಲವು. ಯಾವ ದಾರಿ ಎಂದು ತಿಳಿಯಲು ಆ ಹೊತ್ತಿನಲ್ಲಿ ಪರದೆಯ ಮೇಲೆ ಇನ್ನೇನು ಆಗುತ್ತಿತ್ತು ಎಂಬುದು ಬೇಕು. ಫೋಟೊದಲ್ಲಿ ಅದು ಇರುವುದಿಲ್ಲ. ನಾನು ಮೊದಲು ತಿಳಿಯಬೇಕಾಗಿದ್ದದ್ದು ಅವಳು ನಡೆಯುತ್ತಾಳೋ ಇಲ್ಲವೋ ಎಂಬುದು. ಗೈಡ್ ಅಣ್ಣ ಕಳಿಸಿದ ಸಣ್ಣ ವಿಡಿಯೊದಲ್ಲಿ ಅದು ಗೊತ್ತಾಯಿತು. ಬೆರಳು ಎಳೆದ ಕಡೆಗೆ ನರ್ತಕಿ ಕಾಲೆತ್ತದೆ, ಚಾಚಿದ ಕೈಯಲ್ಲೇ, ಜಗತಿಯ ಮೇಲೆ ಜಾರಿಕೊಂಡು ಹೋಗುತ್ತಾಳೆ. ಹಿಂದೆ ಪ್ರವಾಸಿ ಪಾತ್ರಗಳು ಎಂದಿನಂತೆ ಓಡಾಡುತ್ತಿವೆ. ಇಷ್ಟರಿಂದಲೇ ಒಂದು ದೊಡ್ಡ ಅನುಮಾನ ಕಳೆಯಿತು. ಆಟವನ್ನು ತಡೆದು ನಿಲ್ಲಿಸುವ ಮೆನು `Time.timeScale` ಅನ್ನು ಸೊನ್ನೆ ಮಾಡುತ್ತದೆ. ಸೀನು ಬದಲಾದರೂ ಆ ಸೊನ್ನೆ ತಾನಾಗಿ ಒಂದಾಗುವುದಿಲ್ಲ. ಯಾವುದಾದರೂ ಪಾತ್ರದ ಆನಿಮೇಟರನ್ನು ಭೌತಿಕ ಲೆಕ್ಕದ ಗಡಿಯಾರಕ್ಕೆ ಕಟ್ಟಿದ್ದರೆ, ಆ ಗಡಿಯಾರ ನಿಂತಾಗ ಅದಕ್ಕೆ ಒಂದು ಅಪ್ಪಣೆಯೂ ಬರದೆ ಪಾತ್ರ ಟಿ-ಪೋಸ್‌ನಲ್ಲೇ ಉಳಿಯುತ್ತದೆ. ಆದರೆ ಹಾಗಾಗಿದ್ದರೆ ಪ್ರವಾಸಿಗಳೂ ನಿಲ್ಲಬೇಕಿತ್ತು, ನರ್ತಕಿ ಜಾರಲೂಬಾರದಿತ್ತು. ಇಲ್ಲಿ ಕಾಲ ನಡೆಯುತ್ತಿದೆ, ಅವಳೊಬ್ಬಳಿಗೆ ಮಾತ್ರ ಅಪ್ಪಣೆ ಬರುತ್ತಿಲ್ಲ.

ಇನ್ನೊಂದು, ಎಷ್ಟು ಹೊತ್ತು ಹಾಗಿದ್ದಳು ಎಂಬುದು. ಕಣ್ಣು ಮಿಟುಕಿಸುವಷ್ಟರಲ್ಲಿ ಕೈ ಇಳಿದುಬಿಟ್ಟರೆ ಅದು ಬೇರೆಯೇ ಸಮಸ್ಯೆ: ಆನಿಮೇಟರ್ ಮೊದಲ ಸಲ ಲೆಕ್ಕ ಹಾಕುವ ಮೊದಲೇ ಪಾತ್ರವನ್ನು ಪರದೆಗೆ ತೋರಿಸಿಬಿಟ್ಟಿರುತ್ತಾರೆ. ಲೋಡಿಂಗ್ ಪರದೆಯನ್ನು ಒಂದು ಫ್ರೇಮ್ ತಡವಾಗಿ ಸರಿಸಿದರೆ ಅದು ವಾಸಿ. ನಮ್ಮವಳು ಸರಿಹೋಗಲೇ ಇಲ್ಲ. ಮೂಳೆಗಳ ಹೊಂದಾಣಿಕೆಯ ಕಡತ, ಯೂನಿಟಿಯವರು ಅವತಾರ್ ಎನ್ನುವುದು, ಕಳಚಿಹೋಗಿದ್ದರೆ? ಆಗ ಅವಳು ಮೂರೂ ಊರಿನಲ್ಲಿ, ಮೊದಲ ಕ್ಷಣದಿಂದಲೇ ಕೈ ಚಾಚಿರಬೇಕಿತ್ತು. ಹಳೇಬೀಡಿನಲ್ಲಿ ಅವಳು ಕುಣಿದದ್ದನ್ನು ಎಲ್ಲರೂ ನೋಡಿದ್ದೀರಿ.

ನೆಟ್‌ವರ್ಕಿನ ಮಾತೂ ನಿಲ್ಲಲಿಲ್ಲ. ಏರೋಪ್ಲೇನ್ ಮೋಡ್ ಹಾಕಿಕೊಂಡು ಆಡಿದಾಗಲೂ ಫಲಿತಾಂಶ ಅದೇ. ಚಿತ್ರ, ಧ್ವನಿ, ಕುಣಿತ ಎಲ್ಲವೂ ಈ ಬಿಲ್ಡಿನೊಳಗೇ ಬಂದಿರುತ್ತವೆ, ದಾರಿಯಲ್ಲಿ ಇಳಿಸಿಕೊಳ್ಳುವಂಥದ್ದು ಏನೂ ಇಲ್ಲ. ಫೋನಿನ ಹಳೆತನವೂ ಅಲ್ಲ. ಕಾಲೇಜಿನವರ ಫೋನನ್ನು ಗೈಡ್ ಅಣ್ಣನ ಕೈಗೆ ಕೊಟ್ಟಾಗ ಆ ಫೋನಿನಲ್ಲೂ ದೋಷ ಬಂತು. ಅಂದರೆ ವ್ಯತ್ಯಾಸ ಇದ್ದದ್ದು ಫೋನಿನಲ್ಲಲ್ಲ, ಆಡುವವರಲ್ಲಿ.

ಈ ತನಿಖೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇಲ್ಲಿಂದ ಮುಂದಿನದು. ಗೈಡ್ ಅಣ್ಣ ಆಟ ತೆರೆದ ಕೂಡಲೇ ಮೊದಲು ಮಾಡುವ ಕೆಲಸ ಧ್ವನಿ ವಿವರಣೆಯನ್ನು ಆಫ್ ಮಾಡುವುದು. "ದಿನಾ ನಾನೇ ಹೇಳೋ ಕತೆ, ಇದರ ಬಾಯಲ್ಲಿ ಯಾಕೆ ಕೇಳ್ಬೇಕು" ಎಂದರು. ಕಾಲೇಜಿನವರು ಅದನ್ನು ಆನ್ ಇಟ್ಟುಕೊಂಡೇ ಆಡುತ್ತಿದ್ದರು. ಕೈ ಚಾಚುವುದಕ್ಕೂ ಕಿವಿಗೆ ಬೀಳುವ ವಿವರಣೆಗೂ ಏನು ಸಂಬಂಧ? ಮೇಲ್ನೋಟಕ್ಕೆ ಏನೂ ಇಲ್ಲ. ಅದಕ್ಕೇ ಯಾರೂ ಅದನ್ನು ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಎರಡನೆಯ ಸುಳಿವು ಕೊಟ್ಟದ್ದು ಹಳೇಬೀಡಿನಿಂದ ಬಂದ ಒಂದು ವರದಿ. ಅದರಲ್ಲಿ "ಸುಮ್ನೆ ಒಂದು ಸುತ್ತು ಹಾಕಿ ಬೇಲೂರಿಗೆ ಹೋದೆ, ಚೆನ್ನಾಗಿದ್ಳು" ಎಂದಿತ್ತು. ಸುಮ್ಮನೆ ಸುತ್ತು ಹಾಕಿದವರು ವೇದಿಕೆ ಹತ್ತಿರಲಿಲ್ಲ, 'ನಾಟ್ಯ' ಗುಂಡಿ ಒತ್ತಿರಲಿಲ್ಲ. ಇವೆರಡನ್ನೂ ಸೇರಿಸಿದಾಗ ದೋಷ ಹಿಡಿತಕ್ಕೆ ಸಿಕ್ಕಿತು. ಆಗ ಬರೆದ ವರದಿಯನ್ನು ಇಲ್ಲಿ ಹಾಗೆಯೇ ಇಡುತ್ತಿದ್ದೇನೆ.

ಶೀರ್ಷಿಕೆ: ಧ್ವನಿ ವಿವರಣೆ ಆಫ್ ಇಟ್ಟು, ಹಳೇಬೀಡಿನಲ್ಲಿ ನಾಟ್ಯ ಮಾಡಿಸಿ ಬೇಲೂರಿಗೆ ಹೋದರೆ, ಲೋಡ್ ಆದ ಮೇಲೆ ನರ್ತಕಿ ಟಿ-ಪೋಸ್‌ನಲ್ಲಿರುತ್ತಾಳೆ.

1. ಆಟವನ್ನು ಪೂರ್ತಿ ಮುಚ್ಚಿ. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದಲೂ ತೆಗೆದುಹಾಕಿ. ಮತ್ತೆ ತೆರೆಯಿರಿ.
2. ಸೆಟ್ಟಿಂಗ್ಸ್‌ಗೆ ಹೋಗಿ 'ಧ್ವನಿ ವಿವರಣೆ' ಆಫ್ ಮಾಡಿ.
3. 'ಹೊಸ ಪಯಣ' ಒತ್ತಿ. ಅರಸೀಕೆರೆಯಲ್ಲಿ ಏನೂ ಮಾಡದೆ ನಕ್ಷೆ ತೆರೆದು ಹಳೇಬೀಡನ್ನು ಆರಿಸಿ.
4. ನವರಂಗದ ದುಂಡು ವೇದಿಕೆ ಹತ್ತಿ 'ನಾಟ್ಯ' ಒತ್ತಿ. ನರ್ತಕಿ ಕುಣಿಯಲು ಶುರುಮಾಡಿದ್ದನ್ನು ನೋಡಿಕೊಳ್ಳಿ.
5. ನಕ್ಷೆ ತೆರೆದು ಬೇಲೂರನ್ನು ಆರಿಸಿ.
6. ಲೋಡಿಂಗ್ ಪರದೆ ಸರಿದ ಮೇಲೆ ನರ್ತಕಿಯನ್ನು ನೋಡಿ. ಬೆರಳಿನಿಂದ ಅವಳನ್ನು ನಡೆಸಿ.

ಆಗಬೇಕಾದದ್ದು: ನರ್ತಕಿ ನಾಟ್ಯದ ನಿಲುವಿನಲ್ಲಿದ್ದು, ಹೆಜ್ಜೆ ಹಾಕಿ ನಡೆಯಬೇಕು.

ಆಗುವುದು: ಎರಡೂ ಕೈ ಚಾಚಿ ನಿಂತಿರುತ್ತಾಳೆ, ನಡೆಸಿದರೆ ಜಾರುತ್ತಾಳೆ. ಉಳಿದ ಪಾತ್ರಗಳು ಸರಿಯಾಗಿವೆ.

ಎಷ್ಟು ಸಲ: ಈ ಕ್ರಮದಲ್ಲಿ ಮಾಡಿದರೆ ಪ್ರತಿ ಸಲವೂ.

ಯಾವಾಗ ಆಗುವುದಿಲ್ಲ: 4ನೇ ಹೆಜ್ಜೆ ಬಿಟ್ಟರೆ, ಹಳೇಬೀಡಿನಲ್ಲಿ ಧ್ವನಿ ವಿವರಣೆ ಕೇಳಿದ್ದರೆ, ಅಥವಾ ಅರಸೀಕೆರೆಯಿಂದ ನೇರ ಬೇಲೂರಿಗೆ ಹೋದರೆ.

ಲಾಗ್: ನರ್ತಕಿಯನ್ನು ನಡೆಸಿದೊಡನೆ `Animator is not playing an AnimatorController` ಎಂಬ ಎಚ್ಚರಿಕೆ ಸಾಲುಸಾಲಾಗಿ ಬರುತ್ತದೆ.

ಮೊದಲ ಹೆಜ್ಜೆಯನ್ನು ಕಂಡು ಕೆಲವರು ನಕ್ಕಿರಿ. ಆಟ ತೆರೆಯಲು ಯಾರಿಗೆ ಬರುವುದಿಲ್ಲ ಎಂದು. ಆದರೆ ಬೆಳಿಗ್ಗೆ ಹಳೇಬೀಡಿನಲ್ಲಿ ಒಮ್ಮೆ ವಿವರಣೆ ಕೇಳಿ, ಆಟವನ್ನು ಮುಚ್ಚದೆ ಹಾಗೇ ಹಿಂದಕ್ಕೆ ಸರಿಸಿ, ಮಧ್ಯಾಹ್ನ ವಿವರಣೆ ಆಫ್ ಮಾಡಿ ಆಡಿದವರಿಗೆ ದೋಷ ಬರುವುದೇ ಇಲ್ಲ. ಅಂಥವರು 'ನಿಮ್ಮ ಹೆಜ್ಜೆಗಳು ತಪ್ಪು' ಎಂದು ಬರೆಯುತ್ತಾರೆ, ಮತ್ತೆ ಜಗಳ. ಎಲ್ಲಿಂದ ಹೊರಟೆವು ಎಂಬುದು ಒಂದೇ ಆಗಿರದಿದ್ದರೆ ಉಳಿದ ಹೆಜ್ಜೆಗಳನ್ನು ಎಷ್ಟು ಚೆನ್ನಾಗಿ ಬರೆದರೂ ವ್ಯರ್ಥ.

ಕೊನೆಯ ಸಾಲಿನ ಲಾಗನ್ನು ನೀವು ಕಳಿಸಲೇಬೇಕೆಂದಿಲ್ಲ. ಕಾಲೇಜಿನ ಕಂಪ್ಯೂಟರ್ ಸಿಗುವವರು, ಫೋನಿನಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ ಕೇಬಲ್ ಸಿಕ್ಕಿಸಿ, ಈ ಒಂದು ಸಾಲನ್ನು ಟೈಪ್ ಮಾಡಿದರೆ ಆಟ ಒಳಗೊಳಗೇ ಗೊಣಗಿಕೊಳ್ಳುವುದೆಲ್ಲ ಕಾಣುತ್ತದೆ:

```
adb logcat -s Unity
```

ಆ ಎಚ್ಚರಿಕೆಯ ಅರ್ಥ ಸರಳ. ನಡಿಗೆಯ ಕೋಡ್ 'ವೇಗ ಇಷ್ಟು' ಎಂದು ಆನಿಮೇಟರ್‌ಗೆ ಹೇಳಲು ಹೋಗುತ್ತಿದೆ, ಆದರೆ ಯಾವ ಕುಣಿತ, ಯಾವ ನಡಿಗೆ, ಯಾವಾಗ ಎಂದು ನಿರ್ಧರಿಸುವ ಕಂಟ್ರೋಲರ್ ಎಂಬ ಕಡತವೇ ಆನಿಮೇಟರ್ ಬಳಿ ಇಲ್ಲ. ಹಾಗಾದರೆ ಆ ಕಂಟ್ರೋಲರ್ ಎಲ್ಲಿ ಹೋಯಿತು?

ಫೋನಿನ ಮೆಮೊರಿ ಸಣ್ಣದು. ಮೂರು ದೇವಾಲಯಗಳ ಶಿಲ್ಪಗಳನ್ನು ಒಟ್ಟಿಗೆ ತುಂಬಿದರೆ ಆಟವೇ ಕುಸಿಯುತ್ತದೆ. ಅದಕ್ಕಾಗಿ ಒಂದೊಂದು ಊರಿನ ಸಾಮಾನನ್ನು ಒಂದೊಂದು ಕಟ್ಟಾಗಿ, ಅಂದರೆ ಬಂಡಲ್ ಆಗಿ, ಕಟ್ಟಿಟ್ಟಿದ್ದೇವೆ. ಬೇಕಾದಾಗ ಬಿಚ್ಚಿಕೊಡುವ, ಬೇಡವಾದಾಗ ಹಿಂದಕ್ಕೆ ತೆಗೆದುಕೊಳ್ಳುವ ಕೆಲಸ ಯೂನಿಟಿಯ ಅಡ್ರೆಸೆಬಲ್ಸ್ ಎಂಬ ವ್ಯವಸ್ಥೆಯದು. ಅದು ಲೆಕ್ಕ ಇಟ್ಟುಕೊಳ್ಳುತ್ತದೆ. ಒಂದು ವಸ್ತುವನ್ನು ಯಾರಾದರೂ ಕೇಳಿದರೆ ಲೆಕ್ಕ ಒಂದು ಏರುತ್ತದೆ, 'ಇನ್ನು ಸಾಕು' ಎಂದರೆ ಒಂದು ಇಳಿಯುತ್ತದೆ. ಬಂಡಲಿನೊಳಗಿನ ಒಂದೇ ಒಂದು ವಸ್ತು ಬಳಕೆಯಲ್ಲಿದ್ದರೂ ಇಡೀ ಬಂಡಲ್ ಮೆಮೊರಿಯಲ್ಲಿ ಉಳಿಯುತ್ತದೆ. ಎಲ್ಲದರ ಲೆಕ್ಕವೂ ಸೊನ್ನೆಯಾದಾಗ ಬಂಡಲ್ ಪೂರ್ತಿ ಹೋಗುತ್ತದೆ, ಅದರಿಂದ ಬಂದಿದ್ದ ವಸ್ತುಗಳೂ ಅದರೊಡನೆ ನಾಶವಾಗುತ್ತವೆ.

ನಾಟ್ಯದ ಕಂಟ್ರೋಲರ್ ಇದ್ದದ್ದು ಹಳೇಬೀಡಿನ ಬಂಡಲಿನಲ್ಲಿ. ಹಳೇಬೀಡಿನ ವೇದಿಕೆಯ ಕೋಡ್ ಅದನ್ನು ಕೇಳಿ ಪಡೆದು, `Journey` ಎಂಬ ಪ್ರಯಾಣದ ದಾಖಲೆಯಲ್ಲಿ ಬರೆದಿಡುತ್ತದೆ. ಆ ಸೀನು ಮುಗಿಯುವಾಗ ವೇದಿಕೆಯ ಕೋಡ್ ಸಾಯುವ ಮುನ್ನ ಮಾಡುವ ಕೆಲಸ ಇದು:

```csharp
// ಹಳೇಬೀಡಿನ ವೇದಿಕೆ
void OnDestroy()
{
    Addressables.Release(danceHandle);
}
```

ಪಡೆದದ್ದನ್ನು ಹಿಂತಿರುಗಿಸಿ ಹೋಗುವುದು ಒಳ್ಳೆಯ ನಡತೆಯೇ. ಇತ್ತ ಬೇಲೂರಿನಲ್ಲಿ ಹೊಸದಾಗಿ ಹುಟ್ಟುವ ನರ್ತಕಿ ಮೊದಲು ಮಾಡುವುದು ಇದು:

```csharp
// ನರ್ತಕಿ
void Awake()
{
    if (Journey.danceChosen)
        animator.runtimeAnimatorController = Journey.danceSet;
}
```

ಎರಡು ತುಣುಕುಗಳನ್ನೂ ಬೇರೆ ಬೇರೆಯಾಗಿ ಓದಿದರೆ ಯಾವುದರಲ್ಲೂ ತಪ್ಪು ಕಾಣುವುದಿಲ್ಲ. ತಪ್ಪು ಇರುವುದು ಅವೆರಡರ ನಡುವೆ. ದಾಖಲೆಯಲ್ಲಿ 'ನಾಟ್ಯ ಆಯ್ಕೆಯಾಗಿದೆ' ಎಂಬ ಗುರುತು ಹಾಗೇ ಇದೆ. ಆದರೆ ಅದು ಬೆರಳು ತೋರಿಸುತ್ತಿರುವ ಕಂಟ್ರೋಲರ್, ಲೋಡಿಂಗ್ ಪರದೆ ಇರುವಾಗಲೇ ಹಳೇಬೀಡಿನ ಬಂಡಲಿನೊಡನೆ ನಾಶವಾಗಿದೆ. ಬರೆದಿಟ್ಟುಕೊಂಡ ಮಾತ್ರಕ್ಕೆ ಅಡ್ರೆಸೆಬಲ್ಸ್‌ನ ಲೆಕ್ಕ ಏರುವುದಿಲ್ಲ, ಕೇಳಿ ಪಡೆದರೆ ಮಾತ್ರ ಏರುತ್ತದೆ. ನರ್ತಕಿ ತನ್ನಲ್ಲಿದ್ದ ಸಾದಾ ನಡಿಗೆಯ ಕಂಟ್ರೋಲರನ್ನು ತೆಗೆದುಹಾಕಿ, ಅದರ ಜಾಗಕ್ಕೆ ಇಲ್ಲದ್ದನ್ನು ಇಟ್ಟುಕೊಳ್ಳುತ್ತಾಳೆ. ಯೂನಿಟಿ ಇದಕ್ಕೆ ತಕರಾರು ಮಾಡುವುದಿಲ್ಲ, ಆಟ ನಿಲ್ಲುವುದಿಲ್ಲ. ಒಂದು ಅಪ್ಪಣೆಯೂ ಬಾರದೆ ಅವಳು ಹುಟ್ಟಿದ ಭಂಗಿಯಲ್ಲೇ ನಿಲ್ಲುತ್ತಾಳೆ.

ಈಗ ನಿಮ್ಮ ಜಗಳವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವೇದಿಕೆ ಹತ್ತದವರ ದಾಖಲೆಯಲ್ಲಿ ಗುರುತೇ ಬೀಳಲಿಲ್ಲ, ಅವರ ನರ್ತಕಿ ಸಾದಾ ನಡಿಗೆಯಲ್ಲಿ ಸುಖವಾಗಿದ್ದಳು. ಧ್ವನಿ ವಿವರಣೆ ಕೇಳಿದವರದು ಇನ್ನೂ ಸ್ವಾರಸ್ಯ. ವಿವರಣೆ ಹೇಳುವ ಭಾಗ ಸೀನು ಬದಲಾದರೂ ಸಾಯುವುದಿಲ್ಲ. ಕೇಳಿದ್ದನ್ನು ಮತ್ತೆ ಕೇಳುವ ಅನುಕೂಲಕ್ಕಾಗಿ ಅದು ಹಳೆಯ ಧ್ವನಿಗಳನ್ನು ಆಟ ಮುಚ್ಚುವವರೆಗೂ ಹಿಡಿದುಕೊಂಡಿರುತ್ತದೆ. ಹಳೇಬೀಡಿನ ಧ್ವನಿ ಇದ್ದದ್ದೂ ಅದೇ ಬಂಡಲಿನಲ್ಲಿ. ಆ ಒಂದು ಧ್ವನಿ ಬಳಕೆಯಲ್ಲಿದ್ದುದರಿಂದ ಬಂಡಲ್ ಉಳಿಯಿತು, ಬಂಡಲ್ ಉಳಿದದ್ದರಿಂದ ಕಂಟ್ರೋಲರ್ ಉಳಿಯಿತು, ಕಾಲೇಜಿನವರ ನರ್ತಕಿ ಬೇಲೂರಿನಲ್ಲೂ ಕುಣಿದಳು. ಅಂದರೆ ದೋಷ ಅವರ ಫೋನಿನಲ್ಲೂ ಇತ್ತು, ಆಕಸ್ಮಿಕವಾಗಿ ಮುಚ್ಚಿಹೋಗಿತ್ತು ಅಷ್ಟೆ.

ಬೇಲೂರಿನ ಸೀನನ್ನು ಹೊಸದಾಗಿ ಮಾಡಿ ಎಂದವರಿಗೆ ಒಂದು ಮಾತು. ಇದೇ ಹೆಜ್ಜೆಗಳಲ್ಲಿ ಐದನೆಯದನ್ನು ಬದಲಿಸಿ, ಬೇಲೂರಿನ ಬದಲು ಅರಸೀಕೆರೆಗೆ ವಾಪಸು ಹೋಗಿ ನೋಡಿ. ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪದೆದುರೂ ಅವಳು ಕೈ ಚಾಚಿಯೇ ನಿಲ್ಲುತ್ತಾಳೆ. ಅಷ್ಟೇಕೆ, ಬೇಲೂರಿನಿಂದ ಹಳೇಬೀಡಿಗೇ ಹಿಂತಿರುಗಿದರೂ, ಮತ್ತೆ ವೇದಿಕೆ ಹತ್ತಿ 'ನಾಟ್ಯ' ಒತ್ತುವವರೆಗೆ ಹಾಗೆಯೇ. ಬೇಲೂರಿನ ಸೀನಿನಲ್ಲಿ ಯಾವ ಕುಂದೂ ಇಲ್ಲ. ನಿಮಗೆಲ್ಲ ಅದು ಬೇಲೂರಿನಲ್ಲೇ ಕಂಡದ್ದು ಏಕೆಂದರೆ, ಈ ಕಡೆಯವರಾದ ನೀವು ಎಲ್ಲರೂ ರಸ್ತೆಯ ಕ್ರಮದಲ್ಲೇ ಆಡಿದಿರಿ: ಅರಸೀಕೆರೆ, ಜಾವಗಲ್ ಮೇಲೆ ಹಳೇಬೀಡು, ಆಮೇಲೆ ಬೇಲೂರು. ಬೆಂಗಳೂರಿನಿಂದ ಹಾಸನದ ಮೇಲೆ ಬರುವ ಪ್ರವಾಸಿ ಮೊದಲು ಬೇಲೂರು ನೋಡಿ ಆಮೇಲೆ ಹಳೇಬೀಡಿಗೆ ಹೋಗಿ ಅಲ್ಲಿಗೇ ಮುಗಿಸಿದರೆ ಅವರಿಗೆ ಈ ದೋಷ ಕಾಣುತ್ತಲೇ ಇರಲಿಲ್ಲ. ದೋಷ ಕಂಡ ಜಾಗವನ್ನೇ ದೋಷ ಇರುವ ಜಾಗ ಎಂದುಕೊಂಡಿದ್ದರೆ ಬೇಲೂರನ್ನು ಕೆಡವಿ ಕಟ್ಟಿ, ಕೊನೆಗೆ ಅದೇ ಬೆದರುಬೊಂಬೆಯನ್ನು ನೋಡಬೇಕಾಗುತ್ತಿತ್ತು.

'ನಿಮ್ಮ ಕಂಪ್ಯೂಟರಿನಲ್ಲಿ ಒಮ್ಮೆಯೂ ಕಾಣಲಿಲ್ಲವೇ' ಎಂದು ನೀವು ಕೇಳಿದ್ದೂ ನ್ಯಾಯವೇ. ಕಾಣಲಿಲ್ಲ. ಕಟ್ಟುವವರು ಯೂನಿಟಿಯ ಎಡಿಟರಿನೊಳಗೆ ಆಡಿ ನೋಡುವಾಗ ಅಡ್ರೆಸೆಬಲ್ಸ್‌ನಲ್ಲಿ `Use Asset Database` ಎಂಬ ಆಯ್ಕೆ ಇರುತ್ತದೆ. ಅದು ವೇಗವಾಗಿರಲೆಂದು ಬಂಡಲ್‌ಗಳ ಗೊಡವೆಗೇ ಹೋಗದೆ, ಪ್ರಾಜೆಕ್ಟಿನ ಕಡತಗಳನ್ನೇ ನೇರವಾಗಿ ಎತ್ತಿಕೊಡುತ್ತದೆ. ಇಲ್ಲದ ಬಂಡಲನ್ನು ಹೊರಹಾಕುವ ಪ್ರಶ್ನೆಯೇ ಬರುವುದಿಲ್ಲ, ಆದ್ದರಿಂದ ಕಂಟ್ರೋಲರ್ ನಾಶವಾಗುವುದೂ ಇಲ್ಲ. ಬಂಡಲ್‌ಗಳನ್ನು ಕಟ್ಟಿಸಿ, ಆಯ್ಕೆಯನ್ನು `Use Existing Build` ಎಂದು ಬದಲಿಸಿ ಅದೇ ಆರು ಹೆಜ್ಜೆ ಹಾಕಿದಾಗ ಎಡಿಟರಿನಲ್ಲೂ ಅವಳು ಕೈ ಚಾಚಿದಳು. ಆನಿಮೇಟರಿನ `Controller` ಎಂಬ ಖಾನೆಯಲ್ಲಿ ಹೆಸರು ಇರಬೇಕಾದ ಕಡೆ ಏನೂ ಇರಲಿಲ್ಲ. ಬೇಕಾದ ಸಾಕ್ಷಿ ಅಲ್ಲಿಗೆ ಸಿಕ್ಕಿತು. ಆದರೆ ಆ ಆಯ್ಕೆಯನ್ನು ಬದಲಿಸಿ ನೋಡಬೇಕು ಎಂದು ಹೊಳೆಯಲು ಕಾರಣ ನಿಮ್ಮ ಫೋನುಗಳಲ್ಲಿ ಅದು ಪ್ರತಿ ಸಲವೂ ಬರುವಂತೆ ಹೆಜ್ಜೆಗಳು ಸಿಕ್ಕಿದ್ದು. 'ಒಮ್ಮೊಮ್ಮೆ ಬರುತ್ತದೆ' ಎಂಬಲ್ಲಿಗೇ ನಿಂತಿದ್ದರೆ ಎಡಿಟರಿನಲ್ಲಿ ಬಾರದಿದ್ದದ್ದನ್ನೂ ಆ 'ಒಮ್ಮೊಮ್ಮೆ'ಯ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತಿದ್ದೆವು.

ದುರಸ್ತಿಗೆ ಒಂದು ಸುಲಭದ ದಾರಿ ಇತ್ತು. ಕಂಟ್ರೋಲರ್ ಇಲ್ಲದಿದ್ದರೆ ಸಾದಾ ನಡಿಗೆಯದನ್ನೇ ಇಟ್ಟುಕೋ ಎಂದು ನರ್ತಕಿಗೆ ಹೇಳುವುದು. ಒಂದು ಸಾಲಿನ ಕೆಲಸ, ಕೈ ಚಾಚುವುದು ನಿಲ್ಲುತ್ತದೆ. ಆದರೆ ಹಳೇಬೀಡಿನಲ್ಲಿ ಪಡೆದ ನಾಟ್ಯ ಬೇಲೂರಿಗೆ ಬರುವಷ್ಟರಲ್ಲಿ ಸದ್ದಿಲ್ಲದೆ ಮಾಯವಾಗಿರುತ್ತದೆ, ಅದನ್ನು ನೀವು ಇನ್ನೊಂದು ದೋಷವೆಂದು ಬರೆಯಬೇಕಾಗುತ್ತದೆ, ಅದರ ಮೂಲ ಹುಡುಕುವುದು ಇದಕ್ಕಿಂತ ಕಷ್ಟ. ಟಿ-ಪೋಸ್ ಕನಿಷ್ಠ ಪಕ್ಷ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಆ ದಾರಿಯನ್ನು ಬಿಟ್ಟೆವು.

ಮಾಡಿದ್ದು ಬೇರೆ. ನಾಟ್ಯವನ್ನು ಕೇಳಿ ಪಡೆಯುವ, ಹಿಂತಿರುಗಿಸುವ ಎರಡೂ ಕೆಲಸ ಇನ್ನು ಮೇಲೆ `Journey`ಯದು. ವೇದಿಕೆ 'ಇದು ಬೇಕಂತೆ' ಎಂದು ತಿಳಿಸುತ್ತದೆ, ಅಷ್ಟೆ. ಪಯಣ ಮುಗಿಯುವವರೆಗೆ ಅಥವಾ ಬೇರೆ ನಾಟ್ಯ ಆರಿಸುವವರೆಗೆ ಅದರ ಲೆಕ್ಕ ಸೊನ್ನೆಯಾಗುವುದಿಲ್ಲ. ಇಷ್ಟೇ ಮಾಡಿ ಬಿಟ್ಟಿದ್ದರೆ ಒಂದು ತೊಡಕು ಇತ್ತು. ಕಂಟ್ರೋಲರ್ ಉಳಿದರೆ ಇಡೀ ಹಳೇಬೀಡಿನ ಬಂಡಲ್, ಅದರ ಗೋಡೆಗೋಡೆಯ ಶಿಲ್ಪಪಟ್ಟಿಕೆಗಳೊಡನೆ, ಬೇಲೂರಿನಲ್ಲೂ ಮೆಮೊರಿಯಲ್ಲಿ ಕೂತಿರುತ್ತಿತ್ತು. ಧ್ವನಿ ವಿವರಣೆ ಕೇಳುವವರ ಫೋನಿನಲ್ಲಿ ಇಷ್ಟು ದಿನ ಆಗುತ್ತಿದ್ದದ್ದೂ ಅದೇ. "ಬೇಲೂರಿನಲ್ಲಿ ಫೋನ್ ಬಿಸಿಯಾಗಿ ಆಟ ತಾನಾಗೇ ಮುಚ್ಚಿಕೊಳ್ತು" ಎಂದು ಅರಸೀಕೆರೆಯಿಂದ ಬಂದಿದ್ದ ವರದಿಗೆ ಇದೇ ಕಾರಣವಿರಬಹುದು ಎಂಬ ಅನುಮಾನ ನನಗಿದೆ, ಇನ್ನೂ ಖಚಿತವಿಲ್ಲ. ಅದಕ್ಕೇ ನಾಟ್ಯದ ಕಡತಗಳನ್ನೂ ಧ್ವನಿಗಳನ್ನೂ ಊರಿನ ಬಂಡಲ್‌ಗಳಿಂದ ತೆಗೆದು ಬೇರೆ ಬೇರೆ ಸಣ್ಣ ಬಂಡಲ್‌ಗಳಲ್ಲಿ ಇಟ್ಟಿದ್ದೇವೆ.

ಹೊಸ ಬಿಲ್ಡ್ ಬಂದ ಮೇಲೆ ನೀವು ಮಾಡಬೇಕಾದದ್ದು ಇಷ್ಟು. ಹಳೆಯ ಆಟವನ್ನು ಫೋನಿನಿಂದ ತೆಗೆದುಹಾಕಿ ಹೊಸದನ್ನು ಹಾಕಿಕೊಳ್ಳಿ. ಮೊದಲ ಪರದೆಯ ಕೆಳಮೂಲೆಯಲ್ಲಿರುವ ಬಿಲ್ಡ್ ಸಂಖ್ಯೆಯನ್ನು ವರದಿಯ ಮೇಲುಗಡೆ ಬರೆಯಿರಿ. ಮೇಲಿನ ಆರು ಹೆಜ್ಜೆಗಳನ್ನು ಒಂದನ್ನೂ ಬಿಡದೆ ಅದೇ ಕ್ರಮದಲ್ಲಿ ಹಾಕಿ. ಆಮೇಲೆ ಐದನೆಯದರಲ್ಲಿ ಬೇಲೂರಿನ ಬದಲು ಅರಸೀಕೆರೆಯನ್ನು ಆರಿಸಿ ಇನ್ನೊಮ್ಮೆ ನೋಡಿ. ಗೈಡ್ ಅಣ್ಣನವರು ಈ ಸಲ ದಯವಿಟ್ಟು ಧ್ವನಿ ವಿವರಣೆಯನ್ನು ಒಮ್ಮೆ ಆನ್ ಮಾಡಿ ಆಡಬೇಕು, ಕಾಲೇಜಿನವರು ಆಫ್ ಮಾಡಿ. ನರ್ತಕಿ ಕುಣಿದರೂ ಬರೆದು ಕಳಿಸಿ, ಕೈ ಚಾಚಿದರೂ ಬರೆದು ಕಳಿಸಿ. ಚಾಚಿದ ಪಕ್ಷದಲ್ಲಿ ಫೋಟೊ ಬೇಡ, ಅವಳನ್ನು ನಡೆಸುತ್ತಾ ತೆಗೆದ ಸಣ್ಣ ವಿಡಿಯೊ ಇರಲಿ, ಅದಕ್ಕೂ ಮೊದಲು ಯಾವ ಊರಿನಲ್ಲಿ ಏನೇನು ಒತ್ತಿದಿರಿ ಎಂಬುದು ಜೊತೆಗಿರಲಿ. ನಿಮ್ಮೆಲ್ಲರ ಉತ್ತರ ಬರುವವರೆಗೆ ಈ ದೋಷವನ್ನು ಪಟ್ಟಿಯಿಂದ ತೆಗೆಯುವುದಿಲ್ಲ.

ಇಂತಿ,
ನಿಮ್ಮ ವರದಿಗಳನ್ನು ಓದಿ ಪರಿಶೀಲಿಸುವವ